ಖಾಲಿ ಮಾಡಿ ಹೋದ ಬಾಡಿಗೆದಾರರಿಗೆ ಅಪ್ಪ ಬರೆದ ಪತ್ರ: ಪೋಸ್ಟ್ ಮಾಡುವ ಮುಂಚೆ ಒಮ್ಮೆ ನೋಡಿ ಹೇಳಿ

ಮಹಡಿಮನೆ ಮಗಳು

ಎಲ್ಲರಿಗೂ ನಮಸ್ಕಾರ. ಬನಶಂಕರಿಯಲ್ಲಿ ನಮ್ಮ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೆವು. ಗಂಡ ಹೆಂಡತಿ, ಒಂದು ಬೆಕ್ಕು. ಎರಡು ವರ್ಷ ಇದ್ದು 2025ರ ಜೂನ್ 30ಕ್ಕೆ ಖಾಲಿ ಮಾಡಿದರು. ಕೊನೆಯ ಎರಡು ತಿಂಗಳು ಬಾಡಿಗೆ ಕೊಡಲಿಲ್ಲ, "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಅಂಕಲ್" ಅಂದರು. ಮನೆ ನೋಡಿದರೆ ಅಲ್ಲಲ್ಲಿ ಹಾಳಾಗಿದೆ. ಅಪ್ಪ ರಿಟೈರ್ಡ್ ಮೇಷ್ಟ್ರು, ಎರಡು ತಿಂಗಳು ಒಳಗೊಳಗೇ ಕುದ್ದು ಈಗ ಪತ್ರ ಬರೆದಿದ್ದಾರೆ. ಟೈಪ್ ಮಾಡುವ ಕೆಲಸ ನನ್ನದು, ಕಳಿಸುವ ಮುಂಚೆ ನಿಮಗೆ ತೋರಿಸೋಣ ಅನ್ನಿಸಿತು. ಹೆಸರು ವಿಳಾಸ ತೆಗೆದಿದ್ದೇನೆ.

> ಇವರಿಗೆ,
> ನೀವು ಕರಾರು ಪತ್ರದ ಷರತ್ತುಗಳನ್ನು ಉಲ್ಲಂಘಿಸಿ ಮನೆ ಖಾಲಿ ಮಾಡಿರುತ್ತೀರಿ. ನಿಮ್ಮಿಂದ ಬರಬೇಕಾದ ಬಾಕಿ ಹೀಗಿದೆ. ಮೇ ಮತ್ತು ಜೂನ್ ಬಾಡಿಗೆ ₹48,510. ಎರಡು ತಿಂಗಳ ನೋಟಿಸ್ ಕೊಡದ ಕಾರಣ ಜುಲೈ ಮತ್ತು ಆಗಸ್ಟ್ ಬಾಡಿಗೆ ₹48,510. ಪೇಂಟಿಂಗ್ ಖರ್ಚು ₹38,000. ಕರೆಂಟ್, ನೀರಿನ ಬಿಲ್ ₹3,520. ಸಹಜ ಸವಕಳಿಗಿಂತ ಮೀರಿದ ಹಾನಿ: ಅಡುಗೆಮನೆ ಸಿಂಕ್ ಕೆಳಗಿನ ಕಪಾಟು ₹14,500, ವಾಷ್ ಬೇಸಿನ್ ಬಿರುಕು ₹4,800, ಏಸಿಗೆ ಗೋಡೆ ಕೊರೆದದ್ದು ₹2,500, ಬಾತ್‌ರೂಮ್ ಬಾಗಿಲು ₹7,500, ಸೊಳ್ಳೆ ಜಾಲರಿ ₹1,800, ಕ್ಲೀನಿಂಗ್ ₹3,500. ಒಟ್ಟು ₹1,73,140. ಅಡ್ವಾನ್ಸ್ ₹1,20,000 ಕಳೆದು ನೀವು ಕೊಡಬೇಕಾದದ್ದು ₹53,140. ಏಳು ದಿನದಲ್ಲಿ ಪಾವತಿಸದಿದ್ದರೆ ಶೇ. 18 ಬಡ್ಡಿ ಸೇರಿಸಿ ವಸೂಲಿ ಮಾಡಲಾಗುವುದು, ಪೊಲೀಸ್ ದೂರು ನೀಡಲಾಗುವುದು ಮತ್ತು ನಿಮ್ಮ ಕಂಪನಿಗೆ ತಿಳಿಸಲಾಗುವುದು.

ಇದರಲ್ಲಿ ಏನಾದರೂ ಬಿಟ್ಟು ಹೋಗಿದೆಯಾ? ಇನ್ನೂ ಖಾರವಾಗಿ ಬರೆಯಬೇಕಾ?

ಬಾಡಿಗೆ ಜೀವ

ಖಾರ ಆಗಲೇ ಜಾಸ್ತಿ ಆಗಿದೆ ಮೇಡಂ. 1,20,000 ಅಡ್ವಾನ್ಸ್ ಪೂರ್ತಿ ನುಂಗಿ ಮೇಲೆ 53 ಸಾವಿರ ಕೇಳುವ ಪತ್ರ ಇದು. ನಾನು ಬೆಂಗಳೂರಲ್ಲಿ ಆರು ಮನೆ ಬದಲಾಯಿಸಿದ್ದೇನೆ. ಪೇಂಟಿಂಗ್ ಅಂತ ಮುರಿದುಕೊಳ್ಳದ ಓನರ್ ಇವತ್ತಿನವರೆಗೂ ಸಿಕ್ಕಿಲ್ಲ, ಮುರಿದುಕೊಂಡ ದುಡ್ಡಲ್ಲಿ ಪೇಂಟ್ ಹೊಡೆಸಿದವರೂ ಅಪರೂಪ.

ಕಡಕ್ ಕಾನೂನು

ಪತ್ರ ಕಳಿಸಿ ಸುಮ್ನೆ ಯಾಕೆ ನಗೆಪಾಟಲಾಗುತ್ತೀರಿ? ಅಗ್ರಿಮೆಂಟ್ ಎಷ್ಟು ತಿಂಗಳದ್ದು? 11 ತಿಂಗಳದ್ದಾದರೆ ಎರಡು ವರ್ಷ ಆಗುವಷ್ಟರಲ್ಲಿ ಅದು ರದ್ದಿ ಕಾಗದ. ರಿಜಿಸ್ಟರ್ ಕೂಡ ಆಗಿರಲ್ಲ. ಕೋರ್ಟಿನಲ್ಲಿ ನಿಲ್ಲೋದೇ ಇಲ್ಲ. ಅಲ್ಲದೆ ಕಾನೂನಿನ ಪ್ರಕಾರ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವ ಹಾಗೇ ಇಲ್ಲ.

ಮಹಡಿಮನೆ ಮಗಳು

ಮೊದಲ ಅಗ್ರಿಮೆಂಟ್ 2023ರ ಜೂನ್ 1ರಿಂದ, ಬಾಡಿಗೆ 22,000. ಅದು ಮುಗಿದ ಮೇಲೆ ಇನ್ನೊಂದು 11 ತಿಂಗಳಿಗೆ ಮಾಡಿಸಿದೆವು, 5% ಏರಿಸಿ 23,100. ಅದು 2025ರ ಮಾರ್ಚ್ 31ಕ್ಕೆ ಮುಗಿಯಿತು. ಆಮೇಲೆ ಅಮ್ಮನಿಗೆ ಹುಷಾರಿರಲಿಲ್ಲ, ಯಾರೂ ಅಗ್ರಿಮೆಂಟ್ ಕಡೆ ತಲೆ ಹಾಕಲಿಲ್ಲ. ಏಪ್ರಿಲ್‌ನಲ್ಲಿ 23,100 ಹಾಕಿದರು, ಅಪ್ಪ ಏನೂ ಅನ್ನಲಿಲ್ಲ. ಪ್ರತಿ ರಿನ್ಯೂವಲ್‌ಗೆ 5% ಅಂತ ಅಗ್ರಿಮೆಂಟ್‌ನಲ್ಲಿ ಇದೆಯಲ್ಲ, ಅದಕ್ಕೇ ಮೇ, ಜೂನ್‌ಗೆ 24,255ರಂತೆ ಹಾಕಿದ್ದೇವೆ. ಹಾಗಾದರೆ ಇದೆಲ್ಲ ನಿಜವಾಗಿಯೂ ರದ್ದಿ ಕಾಗದವೇನಾ?

ಹಳೇ ಗುಮಾಸ್ತ

ಅಲ್ಲಮ್ಮ. ಗಾಬರಿಯಾಗಬೇಡಿ. ನಾನು ಮೂವತ್ತು ವರ್ಷ ವಕೀಲರ ಆಫೀಸಿನಲ್ಲಿ ಇಂಥ ಪತ್ರ ಟೈಪ್ ಮಾಡಿದವನು, ವಕೀಲನಲ್ಲ, ಅಷ್ಟು ತಿಳಿದಿರಲಿ.

ಕಡಕ್ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಊರಿಗೆ ಊರೇ 11 ತಿಂಗಳು ಅಂತ ಬರೆಸುವುದು. ಅಷ್ಟಕ್ಕೆ ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಮುಗಿದ ಮೇಲೆ ಏನಾಗುತ್ತದೆ ಅಂದರೆ, ಬಾಡಿಗೆದಾರ ಹಾಗೇ ಉಳಿದು ಬಾಡಿಗೆ ಕೊಡುತ್ತಾನೆ, ಓನರ್ ತೆಗೆದುಕೊಳ್ಳುತ್ತಾರೆ. ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ ಆಗುತ್ತದೆ. ಅವಧಿ ಒಂದು ಬಿಟ್ಟು ಹಳೆಯ ಷರತ್ತುಗಳು ಸಾಮಾನ್ಯವಾಗಿ ಹಾಗೇ ನಡೆಯುತ್ತವೆ. ನಿಮ್ಮ ತಂದೆ ಏಪ್ರಿಲ್ ಬಾಡಿಗೆ ತೆಗೆದುಕೊಂಡರಲ್ಲ, ಅಲ್ಲಿಗೆ ಆಯಿತು.

ಆದರೆ ಅದೇ ಏಪ್ರಿಲ್ ಬಾಡಿಗೆ ನಿಮಗೆ ತಿರುಗುಬಾಣವೂ ಹೌದು. 5% ಏರಿಕೆ ಇರುವುದು "ರಿನ್ಯೂವಲ್ ಮಾಡಿದಾಗ" ಅಂತ. ರಿನ್ಯೂವಲ್ ಆಗಲಿಲ್ಲ, ಏಪ್ರಿಲ್‌ನಲ್ಲಿ 23,100 ಬಂದಾಗ ತಕರಾರು ಇಲ್ಲದೆ ತೆಗೆದುಕೊಂಡಿರಿ. ಈಗ ಮೇ ತಿಂಗಳಿಗೆ 24,255 ಕೇಳಿದರೆ "ಯಾವಾಗ ಏರಿಸಿದಿರಿ?" ಅನ್ನುತ್ತಾರೆ. ಉತ್ತರ ಇಲ್ಲ. ಎರಡು ತಿಂಗಳಿಗೆ 46,200 ಹಾಕಿ. ಆ 2,310 ರೂಪಾಯಿಗೆ ಆಸೆಪಟ್ಟರೆ ಉಳಿದ ಲೆಕ್ಕದ ಮೇಲಿನ ನಂಬಿಕೆಯೂ ಹೋಗುತ್ತದೆ.

ಇನ್ನು ಎರಡು ತಿಂಗಳ ಅಡ್ವಾನ್ಸ್ ಮಾತು. ಅದು ಕೇಂದ್ರದವರು 2021ರಲ್ಲಿ ಮಾಡಿದ ಮಾದರಿ ಕಾಯ್ದೆಯಲ್ಲಿದೆ. ಮಾದರಿ ಅಂದರೆ ಮಾದರಿ, ರಾಜ್ಯ ತಾನೇ ಕಾನೂನು ಮಾಡಿದರೆ ಮಾತ್ರ ಲೆಕ್ಕ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಬನಶಂಕರಿಯಲ್ಲಿ 3,500ಕ್ಕೆ ಈಗ ಸ್ಕೂಟರ್ ನಿಲ್ಲಿಸುವ ಜಾಗ ಸಿಗುತ್ತದೆ.

ಕಡಕ್ ಕಾನೂನು

ಸರಿ ಗುಮಾಸ್ತರೇ, ಸ್ಟ್ಯಾಂಪ್ ಡ್ಯೂಟಿ? ಇವರದ್ದು 100 ರೂಪಾಯಿ ಇ-ಸ್ಟ್ಯಾಂಪ್ ಇರುತ್ತೆ ನೋಡಿ.

ಹಳೇ ಗುಮಾಸ್ತ

ಆ ಮಾತು ಸರಿ. ಸ್ಟ್ಯಾಂಪ್ ಕಮ್ಮಿ ಇದ್ದರೆ ಕೋರ್ಟು ಅದನ್ನು ಸಾಕ್ಷಿಯಾಗಿ ಓದುವುದಿಲ್ಲ. ಕಮ್ಮಿ ಬಿದ್ದ ಹಣ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದರೆ ಓದುತ್ತದೆ. ಕೋರ್ಟಿಗೆ ಹೋದಾಗ ಬರುವ ಪ್ರಶ್ನೆ ಅದು. ಪತ್ರ ಬರೆಯಲು ಅಡ್ಡಿಯಿಲ್ಲ.

ತುಮಕೂರು ರಸ್ತೆ

ಮೇಡಂ ನಿಮಗಾದದ್ದು ನೋಡಿ ಬೇಜಾರಾಯ್ತು. ಓನರ್‌ಗಳೇ ಹೀಗೆ. ನಾವು 8 ಲಕ್ಷಕ್ಕೆ ಲೀಸ್ ಹಾಕಿಕೊಂಡಿದ್ದೆವು, ಮೂರು ವರ್ಷ ಆದ ಮೇಲೆ ದುಡ್ಡು ಕೇಳಿದರೆ ಹೊಸಬರು ಬರಲಿ, ಅವರು ಕೊಟ್ಟ ಮೇಲೆ ಕೊಡ್ತೀನಿ ಅಂತ ಒಂದು ವರ್ಷ ಓಡಾಡಿಸಿದರು. ದುಡ್ಡು ಕೈಗೆ ಬರುವ ತನಕ ಬೀಗದ ಕೈ ಕೊಡಬೇಡಿ. ಅಡ್ವಾನ್ಸ್ ವಾಪಸ್ ಬರುವ ತನಕ ಅಲ್ಲೇ ಇರಿ.

ಮಹಡಿಮನೆ ಮಗಳು

ಸರ್, ನಾವೇ ಓನರ್ 😅

ಪ್ಲೈ ಮತ್ತು ಪುಟ್ಟಿ

ಅಕ್ಕಾ, ನಾನು ಮನೆ ರಿಪೇರಿ ಕಾಂಟ್ರ್ಯಾಕ್ಟ್ ಮಾಡೋನು. ಕಾನೂನು ನಂಗೆ ಗೊತ್ತಿಲ್ಲ. ಆದರೆ ಇಂಥ ಜಗಳದ ಮಧ್ಯೆ ನಿಂತು ರೇಟ್ ಹೇಳಿ ಇಬ್ಬರ ಹತ್ತಿರವೂ ಬೈಸಿಕೊಂಡಿದ್ದೇನೆ. ಸಿಂಕ್ ಕೆಳಗಿನ ಕಪಾಟಿನ ಬಗ್ಗೆ ಕೇಳುತ್ತೇನೆ. ಪ್ಲೈ ಎಲ್ಲಿಂದ ಉಬ್ಬಿದೆ? ಮುಂದಿನ ಬಾಗಿಲು, ಅಂಚುಗಳಿಂದ ಶುರುವಾಗಿದೆಯಾ ಅಥವಾ ಹಿಂದಿನ ಹಲಗೆ ಮತ್ತು ತಳದಿಂದಲಾ? ಪಾತ್ರೆ ತೊಳೆಯುವಾಗ ನೀರು ಚೆಲ್ಲಿ ಒರೆಸದೆ ಬಿಟ್ಟರೆ ಮುಂದಿನ ಅಂಚು ಮೊದಲು ಬಾಯಿ ಬಿಡುತ್ತೆ, ಲ್ಯಾಮಿನೇಟ್ ಎದ್ದು ಬರುತ್ತೆ. ಸಿಂಕ್‌ನ ವೇಸ್ಟ್ ಪೈಪೋ ಗೋಡೆಯ ಆ್ಯಂಗಲ್ ಕಾಕೋ ತೊಟ್ಟಿಕ್ಕಿದರೆ ಹಿಂಭಾಗ ಕಪ್ಪಗಾಗಿ ತಳ ಮೆತ್ತಗಾಗುತ್ತೆ, ಮುಂದೆ ಬಾಗಿಲು ಚೆನ್ನಾಗೇ ಕಾಣುತ್ತೆ. ಫೋಟೋ ಇದ್ದರೆ ಹಾಕಿ.

ಮಹಡಿಮನೆ ಮಗಳು

ಈಗಷ್ಟೇ ಫೋಟೋ ನೋಡಿದೆ ಅಣ್ಣ. ಬಾಗಿಲು ಚೆನ್ನಾಗಿದೆ. ತಳದ ಹಲಗೆ ಬೆರಳಿಟ್ಟರೆ ಒಳಗೆ ಹೋಗುತ್ತೆ, ಹಿಂದೆ ಪೂರ್ತಿ ಕಪ್ಪು. ಇನ್ನೊಂದು ಹೇಳಬೇಕು, ಬೇಜಾರಿಂದಲೇ ಹೇಳುತ್ತಿದ್ದೇನೆ. ಅಪ್ಪನ ವಾಟ್ಸಾಪ್‌ನಲ್ಲಿ ಹುಡುಕಿದೆ. 2024ರ ನವೆಂಬರ್‌ನಲ್ಲಿ ಅವರು "ಅಂಕಲ್, ಸಿಂಕ್ ಕೆಳಗೆ ಲೀಕ್ ಆಗ್ತಿದೆ" ಅಂತ ವಿಡಿಯೋ ಸಮೇತ ಕಳಿಸಿದ್ದಾರೆ. ಅಪ್ಪ "ಪ್ಲಂಬರ್‌ಗೆ ಹೇಳ್ತೀನಿ" ಅಂತ ಉತ್ತರ ಕೊಟ್ಟಿದ್ದಾರೆ. ಪ್ಲಂಬರ್ ಹಬ್ಬಕ್ಕೆ ಊರಿಗೆ ಹೋದವನು ಬರಲೇ ಇಲ್ಲ, ಎಲ್ಲರೂ ಮರೆತೆವು.

ಬಾಡಿಗೆ ಜೀವ

14,500ಕ್ಕೆ ಕೈ ಮುಗಿದುಬಿಡಿ.

ಹಳೇ ಗುಮಾಸ್ತ

ಹೌದು, ಆ ಸಾಲು ಪತ್ರದಿಂದ ತೆಗೆಯಿರಿ. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಬಳಕೆಯಿಂದ ಸಹಜವಾಗಿ ಸವೆದದ್ದು ಬಿಟ್ಟು, ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ನಿಮ್ಮ ಅಗ್ರಿಮೆಂಟ್‌ನಲ್ಲೂ ಅದೇ ವಾಕ್ಯ ಇರುತ್ತದೆ, ಎಲ್ಲರೂ ಅಲ್ಲಿಂದಲೇ ಎತ್ತುವುದು. ಆದರೆ ಕಪಾಟು ಹಾಳಾದದ್ದು ಅವರ ತಪ್ಪಿನಿಂದಲ್ಲ, ರಿಪೇರಿ ಮಾಡಿಸದ ತಪ್ಪಿನಿಂದ. ಅವರು ಹೇಳಿದ್ದಕ್ಕೆ ದಾಖಲೆ ಇದೆ. ಆ ಮೆಸೇಜ್ ಅವರ ಫೋನಿನಲ್ಲೂ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ವಾಷ್ ಬೇಸಿನ್ ಬೇರೆ ಕಥೆ. ಪಿಂಗಾಣಿ ಬಳಸಿ ಸವೆಯುವುದಿಲ್ಲ, ಏನೋ ಬಿದ್ದು ಬಿರುಕು ಬಿಡುತ್ತದೆ. ಆದರೆ ಅವರು ಬರುವಾಗ ಅದು ಸರಿಯಾಗಿತ್ತು ಅಂತ ನೀವು ತೋರಿಸಬೇಕು. ಅಗ್ರಿಮೆಂಟ್ ಕೊನೆಯಲ್ಲಿ ಸಾಮಾನು ಪಟ್ಟಿ ಇದೆಯಾ?

ಮಹಡಿಮನೆ ಮಗಳು

ಇದೆ. "ಫ್ಯಾನ್ 5, ಟ್ಯೂಬ್‌ಲೈಟ್ 8, ಗೀಸರ್ 2, ವಾಷ್ ಬೇಸಿನ್ 2" ಅಂತ ಅಷ್ಟೇ. ಸ್ಥಿತಿ ಹೇಗಿತ್ತು ಅಂತ ಒಂದಕ್ಕೂ ಬರೆದಿಲ್ಲ. ಫೋಟೋ ತೆಗೆದಿಲ್ಲ.

ಶಾಂತಕ್ಕ

ಮಗಾ, 2023ರಲ್ಲಿ ಬಾಡಿಗೆಗೆ ಇದೆ ಅಂತ ಯಾವುದಾದರೂ ಆ್ಯಪ್‌ನಲ್ಲಿ ಜಾಹೀರಾತು ಹಾಕಿದ್ದಿರಾ? ಅದರಲ್ಲಿ ಬಾತ್‌ರೂಮ್ ಫೋಟೋ ಇರುತ್ತೆ. ನನ್ನ ಮನೆ ವಿಷಯದಲ್ಲಿ ಅದೇ ನನ್ನನ್ನು ಉಳಿಸಿದ್ದು. ಬಾಡಿಗೆಯವರು ಗ್ರಾನೈಟ್ ಕಟ್ಟೆ ಮೊದಲೇ ಒಡೆದಿತ್ತು ಅಂತ ಸಾಧಿಸಿದರು. ಜಾಹೀರಾತಿನ ಫೋಟೋದಲ್ಲಿ ಕಟ್ಟೆ ಫಳಫಳ ಅಂತಿತ್ತು, ಅದರ ಮೇಲೆ ನಾನೇ ಇಟ್ಟ ಬಾಳೆಗೊನೆ ಬೇರೆ! ತೋರಿಸಿದ ಮೇಲೆ ಸುಮ್ಮನಾದರು.

ಮಹಡಿಮನೆ ಮಗಳು

ಶಾಂತಕ್ಕ, ಸಿಕ್ಕಿತು!! ಮೇ 2023ರ ಫೋಟೋ, ಬೇಸಿನ್ ಪೂರ್ತಿ ಕಾಣುತ್ತೆ, ಬಿರುಕಿಲ್ಲ. ಖಾಲಿ ಮಾಡುವ ದಿನ ಅವರೇ ಕಳಿಸಿದ ವಿಡಿಯೋದಲ್ಲಿ ಬಿರುಕು ಇದೆ.

ಪ್ಲೈ ಮತ್ತು ಪುಟ್ಟಿ

ಬೇಸಿನ್ ಎಷ್ಟು ವರ್ಷದ್ದು?

ಮಹಡಿಮನೆ ಮಗಳು

ಮಹಡಿ ಕಟ್ಟಿಸಿದಾಗಿನದು. 2016.

ಪ್ಲೈ ಮತ್ತು ಪುಟ್ಟಿ

ಹಾಗಾದರೆ ಒಂಬತ್ತು ವರ್ಷದ ಹಳೇ ಬೇಸಿನ್‌ಗೆ ಹೊಸದರ ಪೂರ್ತಿ ರೇಟು ಕೇಳುವುದು ಸರಿಯಲ್ಲ ಅಕ್ಕಾ. ಅರ್ಧ ಕೇಳಿ, 2,400. ಅವರೂ ಒಪ್ಪುತ್ತಾರೆ.

ಬಾತ್‌ರೂಮ್ ಬಾಗಿಲು ಯಾವುದು? ಮರದ ಫ್ಲಶ್ ಡೋರ್ ಆಗಿದ್ದು ಕೆಳಗಿನ ಒಂದು ಅಡಿ ಉಬ್ಬಿದ್ದರೆ ಅದಕ್ಕೆ ಯಾರನ್ನೂ ಬಯ್ಯಬೇಡಿ. ದಿನಾ ನೀರು ಬೀಳುವ ಕಡೆ ಆ ಬಾಗಿಲು ಹಾಕಿದರೆ ಅದು ಹಾಗೇ ಆಗುವುದು. ಒದ್ದು ತೂತು ಮಾಡಿದ್ದರೆ, ಚಿಲಕ ಕಿತ್ತಿದ್ದರೆ ಬೇರೆ ಮಾತು. ನಲ್ಲಿ ಮೇಲೆ ಬೋರ್ ನೀರಿನ ಬಿಳಿ ಕಲೆ, ಟೈಲ್ಸ್ ಸಂದಿ ಕಪ್ಪಾಗುವುದು, ಇವೂ ಅಷ್ಟೇ.

ಏಸಿ ತೂತು ಅವರದ್ದೇ. ಆದರೆ ಒಂದು ತೂತು ಮುಚ್ಚಿ ಪುಟ್ಟಿ ಎಳೆಯಲು ಯಾರು 2,500 ಕೇಳಿದ್ದು? ಸಾವಿರ ಸಾಕು, ಅದರ ಮೇಲಿನ ಬಣ್ಣ ಹೇಗೂ ಪೇಂಟಿಂಗ್‌ನಲ್ಲಿ ಬಂತಲ್ಲ. ಕ್ಲೀನಿಂಗೂ ಹಾಗೇ. ಪೇಂಟ್ ಹೊಡೆಸಿದ ಮೇಲೆ ನೀವು ಹೇಗಿದ್ದರೂ ಮನೆ ತೊಳೆಸಲೇಬೇಕು. ಜಾಲರಿ ಬೆಕ್ಕು ಪರಚಿ ಹರಿದದ್ದಾ?

ಮಹಡಿಮನೆ ಮಗಳು

ಹೌದು, ಮೂರು ಕಿಟಕಿ. ಬಾಗಿಲು ನೀವು ಹೇಳಿದ ಹಾಗೇ ಕೆಳಗೆ ಉಬ್ಬಿದೆ ಅಷ್ಟೇ.

ಪ್ಲೈ ಮತ್ತು ಪುಟ್ಟಿ

ಜಾಲರಿ 1,800 ಪೂರ್ತಿ ಹಾಕಿ. ಬೆಕ್ಕಿನ ಉಗುರು ಸಹಜ ಸವಕಳಿ ಅಲ್ಲ 😄 ಬಾಗಿಲು ಬಿಡಿ. ಕೆಲಸದ ಬಿಲ್‌ಗಳ ಜೆರಾಕ್ಸ್ ಪತ್ರದ ಜೊತೆ ಇಡಿ. ಬಿಳಿ ಹಾಳೆಯಲ್ಲಿ ಬರೆದ ಅಂದಾಜು ಯಾರೂ ನಂಬಲ್ಲ.

ಬಾಡಿಗೆ ಜೀವ

ಪೇಂಟಿಂಗ್ 38,000 ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಕೊನೆಯ ಸಲ ಯಾವಾಗ ಹೊಡೆಸಿದ್ದು? ಅಗ್ರಿಮೆಂಟ್‌ನಲ್ಲಿ ಏನಿದೆ?

ಮಹಡಿಮನೆ ಮಗಳು

2021ರಲ್ಲಿ ಹೊಡೆಸಿದ್ದು. ಅಂದರೆ ಇವರು ಬರುವ ಎರಡು ವರ್ಷ ಮುಂಚೆ. ಅಗ್ರಿಮೆಂಟ್‌ನಲ್ಲಿ "ಮನೆ ಬಿಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಾಗುವುದು" ಅಂತ ಇದೆ. ಆದರೆ ನಿಜವಾಗಿ ಖರ್ಚಾದದ್ದು 38,000, ಬಿಲ್ ಇದೆ.

ಬಾಡಿಗೆ ಜೀವ

ನಾಲ್ಕು ವರ್ಷದ ಹಳೇ ಬಣ್ಣ! ಅವರು ಇರದೇ ಇದ್ದರೂ ನೀವು ಈ ವರ್ಷ ಹೊಡೆಸಲೇಬೇಕಿತ್ತು. ಇದೇ ಸಹಜ ಸವಕಳಿ ಅಂದರೆ. ಒಂದು ರೂಪಾಯಿಯೂ ಮುರಿಯಬಾರದು.

ಶಾಂತಕ್ಕ

ಹಾಗಂದರೆ ಹೇಗಪ್ಪ? ಸಹಿ ಹಾಕುವಾಗ ಓದಿಯೇ ಹಾಕಿರುತ್ತಾರೆ ಅಲ್ವಾ. ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅನ್ನುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಮನೆ ನೋಡಲು ಬಂದವರು ಮೊದಲು ಕೇಳುವುದೇ ಅದನ್ನ.

ಹಳೇ ಗುಮಾಸ್ತ

ಇಬ್ಬರ ಮಾತಲ್ಲೂ ತೂಕ ಇದೆ. ಷರತ್ತು ಇಲ್ಲದೇ ಇದ್ದಿದ್ದರೆ ನಾಲ್ಕು ವರ್ಷದ ಬಣ್ಣಕ್ಕೆ ಏನೂ ಕೇಳುವ ಹಾಗಿರಲಿಲ್ಲ. ಷರತ್ತು ಇದೆ, ಸಹಿ ಇದೆ, ಆದ್ದರಿಂದ 23,100 ಮುರಿಯಬಹುದು. ಹಟ ಹಿಡಿದ ಬಾಡಿಗೆದಾರ ಇದನ್ನೂ ದಂಡ ಅಂತ ಪ್ರಶ್ನೆ ಮಾಡಬಹುದು, ಆದರೆ ನೀವು ನಿಜವಾಗಿ ಅದಕ್ಕಿಂತ ಜಾಸ್ತಿ ಖರ್ಚು ಮಾಡಿ ಬಣ್ಣ ಹೊಡೆಸಿದ್ದೀರಿ, ಹಾಗಾಗಿ ನಿಲ್ಲುತ್ತದೆ ಅಂತ ನನ್ನ ಅನಿಸಿಕೆ. ಕರಾರಿನಲ್ಲಿ ಒಂದು ತಿಂಗಳ ಬಾಡಿಗೆ ಅಂತ ನೀವೇ ಬರೆಸಿ ಈಗ 38,000 ಕೇಳುವುದು ಮಾತ್ರ ಆಗುವುದಿಲ್ಲ. ಕರಾರನ್ನು ಹಿಡಿದು ಮಾತಾಡುವವರು ತಮಗೆ ಕಡಿಮೆ ಬರುವ ಸಾಲನ್ನೂ ಹಿಡಿಯಬೇಕು.

ಇನ್ನು ಜುಲೈ, ಆಗಸ್ಟ್. ಒಂದು ಪ್ರಶ್ನೆ. ಮನೆ ಈಗ ಖಾಲಿ ಇದೆಯಾ?

ಮಹಡಿಮನೆ ಮಗಳು

ಇಲ್ಲ ಸರ್... ಜುಲೈ 20ಕ್ಕೆ ಹೊಸಬರು ಬಂದರು. 26,000 ಬಾಡಿಗೆ.

ಬಾಡಿಗೆ ಜೀವ

🙏

ಹಳೇ ಗುಮಾಸ್ತ

ಅಮ್ಮಾ, ಆಗಸ್ಟ್‌ಗೆ ಒಂದೇ ಮನೆಗೆ ಇಬ್ಬರಿಂದ ಬಾಡಿಗೆ ಕೇಳಿದ ಹಾಗಾಯಿತಲ್ಲ! ನೋಟಿಸ್ ಷರತ್ತು ಮುರಿದರೆ ನಿಮಗಾದ ನಷ್ಟ ಕೇಳಬಹುದು, ಆಗದ ನಷ್ಟವನ್ನಲ್ಲ. ನಿಮಗೆ ಮನೆ ಖಾಲಿ ಬಿದ್ದದ್ದು ಜುಲೈ 1ರಿಂದ 19. ಹತ್ತೊಂಬತ್ತು ದಿನ, 23,100ನ್ನು 31ರಿಂದ ಭಾಗಿಸಿ ಗುಣಿಸಿದರೆ 14,158 ರೂಪಾಯಿ. ಇದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ಅವರು ನೋಟಿಸ್ ಯಾವಾಗ ಕೊಟ್ಟರು?

ಮಹಡಿಮನೆ ಮಗಳು

ಜೂನ್ 2ಕ್ಕೆ ವಾಟ್ಸಾಪ್‌ನಲ್ಲಿ. ತಿಂಗಳ ಕೊನೆಗೆ ಬಿಡುತ್ತೇವೆ ಅಂತ. ಅಗ್ರಿಮೆಂಟ್‌ನಲ್ಲಿ ಎರಡೂ ಕಡೆಯವರಿಗೆ ಎರಡು ತಿಂಗಳು.

ಕಡಕ್ ಕಾನೂನು

ಈಗ ನಾನು ಹೇಳುತ್ತೇನೆ ಕೇಳಿ. ತಿಂಗಳಿಂದ ತಿಂಗಳ ಬಾಡಿಗೆಗೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಸಾಕು. 106ನೇ ಕಲಂ. ಅವರು 28 ದಿನ ಕೊಟ್ಟಿದ್ದಾರೆ. ಅಂದರೆ 14,158 ಕೂಡ ಬರಲ್ಲ. ಸೊನ್ನೆ.

ಹಳೇ ಗುಮಾಸ್ತ

ಆ ಕಲಂ ಶುರುವಾಗುವುದೇ ಬೇರೆ ಒಪ್ಪಂದ ಇಲ್ಲದಿದ್ದರೆ ಅಂತ. ಇಲ್ಲಿ ಎರಡು ತಿಂಗಳು ಅನ್ನುವ ಒಪ್ಪಂದ ಇತ್ತು, ಅದು ಮುಂದುವರಿದಿದೆ ಅನ್ನುವುದು ನನ್ನ ವಾದ.

ಕಡಕ್ ಕಾನೂನು

ಒಪ್ಪಂದ ಮಾರ್ಚ್‌ಗೆ ಮುಗಿಯಿತಲ್ಲ. 5% ಏರಿಕೆ ಮಾತ್ರ ಮುಂದುವರಿಯಲ್ಲ, ನೋಟಿಸ್ ಮಾತ್ರ ಮುಂದುವರಿಯುತ್ತೆ, ಇದ್ಯಾವ ನ್ಯಾಯ?

ಹಳೇ ಗುಮಾಸ್ತ

ಒಳ್ಳೆಯ ಪ್ರಶ್ನೆ, ಎದುರು ವಕೀಲರೂ ಇದನ್ನೇ ಕೇಳುತ್ತಾರೆ. ಏರಿಕೆ ರಿನ್ಯೂವಲ್‌ಗೆ ಕಟ್ಟಿದ್ದು, ನೋಟಿಸ್ ವಾಸಕ್ಕೆ ಕಟ್ಟಿದ್ದು ಅನ್ನುವುದು ನನ್ನ ಉತ್ತರ. ಒಪ್ಪುವುದು ಬಿಡುವುದು ಜಡ್ಜ್‌ಗೆ ಬಿಟ್ಟದ್ದು. 14 ಸಾವಿರಕ್ಕೆ ಅಲ್ಲಿವರೆಗೆ ಹೋಗುವವರು ಯಾರು?

ಪ್ಲೈ ಮತ್ತು ಪುಟ್ಟಿ

ಆ 19 ದಿನದಲ್ಲಿ ಪೇಂಟಿಂಗ್ ಎಷ್ಟು ದಿನ ನಡೆಯಿತು? ಆ ದಿನಗಳನ್ನೂ ಅವರ ತಲೆಗೆ ಹಾಕುತ್ತೀರಾ?

ಮಹಡಿಮನೆ ಮಗಳು

ಎಂಟು ದಿನ. ಅಪ್ಪನಿಗೆ ಹೇಳಿದೆ, "ಹಾಗಂತ ಅವರು ಎರಡು ತಿಂಗಳು ಮುಂಚೆ ಹೇಳಿದ್ದರೆ ಹೊಸಬರನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಿದ್ದೆ" ಅಂತ ಸಿಟ್ಟಾದರು. 19 ದಿನವೇ ಇರಲಿ ಅನ್ನುತ್ತಿದ್ದಾರೆ.

ಈಗ ಕೂಡಿಸಿದೆ. ಎರಡು ಸಲ ಕೂಡಿಸಿದೆ. ಬಾಡಿಗೆ 46,200, ಪೇಂಟಿಂಗ್ 23,100, ಬೇಸಿನ್ ಜಾಲರಿ ಗೋಡೆ ಸೇರಿ 5,200, ಬಿಲ್‌ಗಳು 3,520, ನೋಟಿಸ್ 14,158. ಒಟ್ಟು 92,178. ಅಡ್ವಾನ್ಸ್ 1,20,000. ಅಂದರೆ ಅವರು ನಮಗೆ 53,140 ಕೊಡುವುದಲ್ಲ, ನಾವೇ ಅವರಿಗೆ 27,822 ಕೊಡಬೇಕು!

ಬಾಡಿಗೆ ಜೀವ

ಈ ಥ್ರೆಡ್‌ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳುತ್ತೇನೆ. ಮೊಳೆ ಹೊಡೆಯಲ್ಲ, ಓನರ್ ದುಡ್ಡು ಮುರಿಯುತ್ತಾರೆ.

ಶಾಂತಕ್ಕ

ಆದರೂ ಅವರು ಎರಡು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಅಂದದ್ದು ತಪ್ಪಲ್ವಾ? ನನ್ನ ಅಗ್ರಿಮೆಂಟ್‌ನಲ್ಲಿ ಹಾಗೆ ಮಾಡಬಾರದು ಅಂತಲೇ ಬರೆಸಿದ್ದೇನೆ.

ಹಳೇ ಗುಮಾಸ್ತ

ತಪ್ಪೇ. ಇವರ ಕರಾರಿನಲ್ಲೂ ಆ ಸಾಲು ಇದ್ದರೆ ಪತ್ರದಲ್ಲಿ ಒಂದು ವಾಕ್ಯ ಹೇಳಿ. ಆದರೆ ಕೊನೆಯ ಲೆಕ್ಕದಲ್ಲಿ ಅಂಕಿ ಬದಲಾಗುವುದಿಲ್ಲ, ಬಾಕಿ ಬಾಕಿಯೇ, ಅಡ್ವಾನ್ಸ್ ಅಡ್ವಾನ್ಸೇ. ಓನರ್‌ಗಳಿಗೆ ಅದರಿಂದ ನಿಜವಾಗಿ ಆಗುವ ತೊಂದರೆ ಏನಂದರೆ, ಹಾನಿಗೆ ಅಂತ ಇಟ್ಟ ದುಡ್ಡು ಬಾಡಿಗೆಗೇ ಕರಗಿಬಿಡುತ್ತದೆ. ಇವರ ಹತ್ತಿರ ಐದು ತಿಂಗಳ ಅಡ್ವಾನ್ಸ್ ಇದ್ದದ್ದರಿಂದ ಉಳಿಯಿತು.

ಪತ್ರದ ಕೊನೆ ಪೂರ್ತಿ ಬದಲಾಯಿಸಿ. ಬಾಡಿಗೆ ಬಾಕಿಗೆ ಪೊಲೀಸರು ಬರುವುದಿಲ್ಲ, ಅದು ಸಿವಿಲ್ ವ್ಯಾಜ್ಯ. ಕಂಪನಿಗೆ ತಿಳಿಸುತ್ತೇವೆ ಅನ್ನುವ ಸಾಲು ನಿಮ್ಮ ಮೇಲೇ ತಿರುಗುತ್ತದೆ. ಶೇ. 18 ಬಡ್ಡಿ ಕರಾರಿನಲ್ಲಿ ಇಲ್ಲದಿದ್ದರೆ ಹಾಕಬೇಡಿ. ನಿಜ ಹೇಳಬೇಕು ಅಂದರೆ ಬಡ್ಡಿ ಕೇಳುವ ಸರದಿ ಅವರದ್ದು. ಜೂನ್ 30ಕ್ಕೆ ಬೀಗದ ಕೈ ಬಂದಿದೆ, ಈಗ ಸೆಪ್ಟೆಂಬರ್.

ಕಳಿಸುವುದು ಸ್ಪೀಡ್ ಪೋಸ್ಟ್‌ನಲ್ಲಿ, ರಸೀದಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟನ್ನು ಅದರಲ್ಲೇ ಸೇರಿಸಿದ್ದಾರೆ. ಜೊತೆಗೆ ಇಮೇಲ್, ವಾಟ್ಸಾಪ್ ಎರಡರಲ್ಲೂ ಹಾಕಿ. ಮತ್ತೆ ಒಂದು ಮಾತು, ಪತ್ರದ ಜೊತೆಗೇ 27,822 ಅವರ ಖಾತೆಗೆ ಹಾಕಿಬಿಡಿ. ತಕರಾರಿಲ್ಲದ ದುಡ್ಡನ್ನು ತಕರಾರಿನ ದುಡ್ಡಿನ ಜೊತೆ ಕಟ್ಟಿಹಾಕಬೇಡಿ.

ಮಹಡಿಮನೆ ಮಗಳು

ಅಪ್ಪ ಒಂದು ದಿನ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ತಾವೇ ಕೂತು ಹೀಗೆ ಬರೆದರು.

> ಮಾನ್ಯರೇ,
> 01-05-2024ರ ಬಾಡಿಗೆ ಕರಾರಿನಂತೆ ನೀವು ವಾಸವಿದ್ದ ಮಹಡಿ ಮನೆಯನ್ನು 30-06-2025ರಂದು ಖಾಲಿ ಮಾಡಿ ಬೀಗದ ಕೈ ಒಪ್ಪಿಸಿದ್ದೀರಿ. ಕರಾರಿನ ಅವಧಿ 31-03-2025ಕ್ಕೆ ಮುಗಿದರೂ ಅದೇ ಷರತ್ತುಗಳ ಮೇಲೆ ತಿಂಗಳಿಂದ ತಿಂಗಳಿಗೆ ವಾಸ ಮುಂದುವರಿದಿತ್ತು. ಲೆಕ್ಕ ಹೀಗಿದೆ.
> ಮೇ, ಜೂನ್ ಬಾಡಿಗೆ, ತಿಂಗಳಿಗೆ ₹23,100ರಂತೆ: ₹46,200
> ಪೇಂಟಿಂಗ್, ಕರಾರಿನಂತೆ ಒಂದು ತಿಂಗಳ ಬಾಡಿಗೆ: ₹23,100
> ಕರೆಂಟ್ ₹1,980, ನೀರು ₹1,540 (ಬಿಲ್ ಲಗತ್ತಿಸಿದೆ): ₹3,520
> ಸಹಜ ಸವಕಳಿ ಮೀರಿದ ಹಾನಿ: ವಾಷ್ ಬೇಸಿನ್ ಬದಲಿಸಿದ ಖರ್ಚಿನಲ್ಲಿ ಅರ್ಧ ₹2,400, ಜಾಲರಿ ₹1,800, ಏಸಿ ತೂತು ಮುಚ್ಚಿದ್ದು ₹1,000: ₹5,200
> ಎರಡು ತಿಂಗಳ ನೋಟಿಸ್ ಕೊಡದ ಕಾರಣ ಮನೆ ಖಾಲಿ ಉಳಿದ ಜುಲೈ 1ರಿಂದ 19: ₹14,158
> ಒಟ್ಟು ₹92,178. ಅಡ್ವಾನ್ಸ್ ₹1,20,000ರಲ್ಲಿ ಇದನ್ನು ಕಳೆದು ₹27,822 ನಿಮ್ಮ ಖಾತೆಗೆ ಇಂದು ಹಾಕಿದ್ದೇನೆ. ಬೇಸಿನ್‌ನ 2023ರ ಫೋಟೋ, ನೀವು ಕಳಿಸಿದ ವಿಡಿಯೋದ ಚಿತ್ರ, ಕೆಲಸದ ಬಿಲ್‌ಗಳು ಜೊತೆಗಿವೆ. ಯಾವುದಾದರೂ ಬಾಬ್ತು ಒಪ್ಪಿಗೆಯಿಲ್ಲದಿದ್ದರೆ 15 ದಿನದಲ್ಲಿ ಬರೆದು ತಿಳಿಸಿ.
> ಅಡುಗೆಮನೆ ಕಪಾಟಿನ ಲೀಕ್ ಬಗ್ಗೆ ನೀವು ಹೇಳಿದ್ದು ನನಗೆ ಮರೆತಿತ್ತು.

ಕೊನೆಯ ಸಾಲು ನಾನು ಹೇಳಿಕೊಟ್ಟದ್ದಲ್ಲ.

ಕಡಕ್ ಕಾನೂನು

ಆ ಕೊನೆಯ ಸಾಲು ತೆಗೆಯಿರಿ ಮೇಡಂ. ಬರಹದಲ್ಲಿ ತಪ್ಪು ಒಪ್ಪಿಕೊಳ್ಳಬಾರದು.

ಹಳೇ ಗುಮಾಸ್ತ

ಇರಲಿ ಬಿಡಿ. ಕಪಾಟಿಗೆ ದುಡ್ಡು ಕೇಳುತ್ತಿಲ್ಲವಲ್ಲ, ನಷ್ಟವೇನಿಲ್ಲ.

ಮಹಡಿಮನೆ ಮಗಳು

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಉತ್ತರ ಬಂತು. ಬಾಡಿಗೆ, ಪೇಂಟಿಂಗ್, ಬಿಲ್, ಜಾಲರಿ, ಬೇಸಿನ್ ಎಲ್ಲ ಒಪ್ಪಿದ್ದಾರೆ. ನೋಟಿಸ್ 14,158 ಮಾತ್ರ ಒಪ್ಪಿಲ್ಲ. ಕಡಕ್ ಅವರೇ ಬರೆದುಕೊಟ್ಟ ಹಾಗಿದೆ, 15 ದಿನ, 106ನೇ ಕಲಂ ಎಲ್ಲ ಇದೆ. ಪೇಂಟಿಂಗ್ ಎಂಟು ದಿನ ನಡೆದದ್ದು ಅವರಿಗೆ ಪಕ್ಕದ ಮನೆಯವರಿಂದ ಗೊತ್ತಾಗಿದೆ. ಅಪ್ಪ ಎಂಟು ದಿನ ಬಿಟ್ಟು 11 ದಿನಕ್ಕೆ ಬಂದಿದ್ದಾರೆ, ಅಂದರೆ 8,197. ಅವರು ಇನ್ನೂ ಸೊನ್ನೆಯಲ್ಲೇ ನಿಂತಿದ್ದಾರೆ.

ಹಳೇ ಗುಮಾಸ್ತ

ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗೆ ಅರ್ಜಿ ಕೊಡಬಹುದು, ಆದರೆ ಎಂಟು ಸಾವಿರಕ್ಕೆ ಆಟೋ ಹತ್ತುವುದಕ್ಕಿಂತ ಒಂದು ಫೋನ್ ಮಾಡಿ. ಅಪ್ಪ ಮಾಡುವುದು ಬೇಡ, ನೀವು ಮಾಡಿ.

ಮಹಡಿಮನೆ ಮಗಳು

ಮಾಡಬೇಕು ಸರ್, ಇನ್ನೊಂದು ಕೆಲಸವೂ ಇದೆ. ನಮ್ಮ ಮೀಟರ್ ಇನ್ನೂ ಅವರ ಆಧಾರ್‌ಗೇ ಗೃಹಜ್ಯೋತಿಯಲ್ಲಿ ಲಿಂಕ್ ಆಗಿದೆ. ಅವರು ಡಿಲಿಂಕ್ ಮಾಡುವ ತನಕ ಹೊಸಬರು ಹಾಕಿಕೊಳ್ಳಲು ಆಗುತ್ತಿಲ್ಲ. ಹೊಸಬರು ಪಾಪ ಎರಡು ಸಲ ಕೇಳಿದರು.

ತುಮಕೂರು ರಸ್ತೆ

ಮೇಡಂ, ಕೊನೆಗೂ ನಿಮ್ಮ ಓನರ್ ದುಡ್ಡು ಕೊಟ್ಟರಾ?